ವಯಸ್ಸಿನ ಬದಲು ದೇಹದ ಬೆಳವಣಿಗೆಯನ್ನು ಅಳೆದು ಎಳೆಯ ಫುಟ್‌ಬಾಲ್ ಆಟಗಾರರನ್ನು ಗುಂಪು ಮಾಡುವುದು: ತರಬೇತುದಾರರಿಗೆ ಸಮಗ್ರ ಮಾರ್ಗದರ್ಶಿ

ಹದಿಮೂರರೊಳಗಿನವರ ಫುಟ್‌ಬಾಲ್ ತಂಡವೊಂದರಲ್ಲಿ ಇಬ್ಬರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿಕೊಳ್ಳೋಣ. ನಾಲ್ಕನೇ ನಂಬರಿನ ಅಂಗಿ ತೊಟ್ಟವನಿಗೆ 12.8 ವರ್ಷ, ಎತ್ತರ 165 ಸೆಂಟಿಮೀಟರ್, ತೂಕ 54 ಕಿಲೋ. ಧ್ವನಿ ಆಗಲೇ ಒಡೆದಿದೆ. ಹನ್ನೊಂದನೇ ನಂಬರಿನವನಿಗೆ 12.9 ವರ್ಷ, ಎತ್ತರ 148.5 ಸೆಂಟಿಮೀಟರ್, ತೂಕ 37 ಕಿಲೋ. ಜನನ ಪ್ರಮಾಣಪತ್ರದ ಪ್ರಕಾರ ಇಬ್ಬರೂ ಒಂದೇ ವಯಸ್ಸಿನವರು, ಆದ್ದರಿಂದ ಒಂದೇ ಪಟ್ಟಿಯಲ್ಲಿ ಇಬ್ಬರಿಗೂ ಅಂಕ ಬೀಳುತ್ತದೆ. ಚೆಂಡಿಗಾಗಿ ಮೈಗೆ ಮೈ ಕೊಟ್ಟಾಗ ಗೆಲ್ಲುವವನು ಯಾರೆಂದು ಹೇಳಲು ತರಬೇತುದಾರ ಬೇಕಾಗಿಲ್ಲ. ತರಬೇತುದಾರ ಬೇಕಾಗಿರುವುದು ಆ ಗೆಲುವಿನಲ್ಲಿ ಎಷ್ಟು ಪಾಲು ಆಟದ್ದು, ಎಷ್ಟು ಪಾಲು ಬೇಗ ಬಂದ ಬೆಳವಣಿಗೆಯದ್ದು ಎಂದು ಬಿಡಿಸಿ ಹೇಳಲು.

ನಾನು ಈ ಕೆಲಸಕ್ಕೆ ಇಳಿದದ್ದು ಒಂದು ತಪ್ಪಿನಿಂದ. ವರ್ಷಗಳ ಹಿಂದೆ ಸಣ್ಣ ಮೈಕಟ್ಟಿನ ಹುಡುಗನೊಬ್ಬನನ್ನು 'ದೈಹಿಕವಾಗಿ ಸಾಲದು' ಎಂದು ಬರೆದು ತಂಡದಿಂದ ಕೈಬಿಡಲು ಶಿಫಾರಸು ಮಾಡಿದೆ. ಆ ದಿನ ನನ್ನ ಬಳಿ ಅವನ ಎತ್ತರದ ಒಂದೇ ಒಂದು ಅಳತೆಯೂ ಇರಲಿಲ್ಲ. ಅವನ ಬೆಳವಣಿಗೆಯ ಜಿಗಿತ ಇನ್ನೂ ಶುರುವೇ ಆಗಿರಲಿಲ್ಲ ಎಂಬುದು ನನಗೆ ಹೊಳೆಯಲೂ ಇಲ್ಲ. ಅಂತಹ ತೀರ್ಮಾನವನ್ನು ಅಳತೆಯಿಲ್ಲದೆ ಯಾರೂ ತೆಗೆದುಕೊಳ್ಳಬಾರದೆಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಬಯೋ-ಬ್ಯಾಂಡಿಂಗ್ ಎಂದರೆ ಆಟಗಾರರನ್ನು ಹುಟ್ಟಿದ ವರ್ಷದ ಬದಲು ಜೈವಿಕ ಪ್ರೌಢತೆಯ ಪ್ರಕಾರ ಗುಂಪು ಮಾಡುವುದು. ಪ್ರೌಢತೆಯನ್ನು ಅಳೆಯಲು ಮೈದಾನದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು, ಹುಡುಗನು ದೊಡ್ಡವನಾದಾಗ ಮುಟ್ಟಬಹುದಾದ ಎತ್ತರದಲ್ಲಿ ಈಗಾಗಲೇ ಶೇಕಡಾ ಎಷ್ಟನ್ನು ಮುಟ್ಟಿದ್ದಾನೆ ಎಂಬುದು. ಶೇ 85ಕ್ಕಿಂತ ಕೆಳಗಿದ್ದರೆ ಜಿಗಿತ ಇನ್ನೂ ಬಂದಿಲ್ಲ, 85ರಿಂದ 90ರೊಳಗೆ ಅದು ಶುರುವಾಗುತ್ತಿದೆ, 90ರಿಂದ 95ರೊಳಗೆ ಅತಿ ವೇಗದ ಹಂತವನ್ನು ಹಾದುಹೋಗುತ್ತಿದೆ, 95 ದಾಟಿದರೆ ಮುಗಿಯುತ್ತ ಬಂದಿದೆ ಎಂದು ಸ್ಥೂಲವಾಗಿ ಓದಬಹುದು. ಹುಡುಗರಲ್ಲಿ ಎತ್ತರ ಅತಿ ವೇಗವಾಗಿ ಏರುವ ಘಟ್ಟವು ಸುಮಾರು ಶೇ 91–92ರ ಹತ್ತಿರ ಬೀಳುತ್ತದೆ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಅಕಾಡೆಮಿಗಳಲ್ಲಿ 11ರಿಂದ 14 ವರ್ಷದ, ಶೇ 85ರಿಂದ 90ರ ಪಟ್ಟಿಯೊಳಗಿನ ಹುಡುಗರನ್ನು ಸೇರಿಸಿ ನಡೆಸಿದ ಪಂದ್ಯಾವಳಿಯೇ ಈ ವಿಧಾನಕ್ಕೆ ಹೆಸರು ತಂದದ್ದು; ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಮತ್ತು ಸಂಗಡಿಗರು ಆ ಆಟಗಾರರ ಅನುಭವಗಳನ್ನು ದಾಖಲಿಸಿದ್ದಾರೆ.

ನಮ್ಮಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಬೇಕು. ಕ್ರಿಕೆಟ್‌ನಲ್ಲಿ ಬಿಸಿಸಿಐ ವಯೋಮಿತಿಯ ಪಂದ್ಯಗಳಿಗಾಗಿ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ, ಟಿಡಬ್ಲ್ಯೂ3 ವಿಧಾನದಿಂದ ಮೂಳೆಯ ವಯಸ್ಸನ್ನು ನೋಡುತ್ತದೆ. ಅದರ ಗುರಿ ವಯಸ್ಸಿನ ವಂಚನೆಯನ್ನು ತಡೆಯುವುದು. ಆದ್ದರಿಂದ 'ಬೆಳವಣಿಗೆ ಅಳೆಯುತ್ತೇವೆ' ಎಂದ ಕೂಡಲೇ ಎಷ್ಟೋ ತಂದೆತಾಯಂದಿರು ತಮ್ಮ ಪ್ರಮಾಣಪತ್ರದ ಮೇಲೆ ಅನುಮಾನ ಬಂದಿದೆಯೆಂದು ತಿಳಿಯುತ್ತಾರೆ. ಇಲ್ಲಿ ಎಕ್ಸ್-ರೇ ಇಲ್ಲ, ಯಾರನ್ನೂ ಅನರ್ಹಗೊಳಿಸುವ ಮಾತಿಲ್ಲ, ಮಗುವಿನ ಎತ್ತರ, ತೂಕ ಮತ್ತು ಹೆತ್ತವರ ಎತ್ತರ ಮಾತ್ರ ಬೇಕು ಎಂದು ಮೊದಲ ಸಭೆಯಲ್ಲೇ ಹೇಳಿ, ಲಿಖಿತ ಒಪ್ಪಿಗೆ ಪಡೆಯಬೇಕು.

ಮೊದಲ ಹಂತ: ಎತ್ತರವನ್ನು ಸರಿಯಾಗಿ ಅಳೆಯುವುದು

ಇಡೀ ವಿಧಾನ ನಿಂತಿರುವುದು ಈ ಒಂದು ಅಳತೆಯ ಮೇಲೆ, ಮತ್ತು ಹೆಚ್ಚಿನ ಕಡೆ ಕೆಡುವುದೂ ಇಲ್ಲಿಯೇ. ಗೋಡೆಗೆ ಅಂಟಿಸಿದ ಟೇಪು ಸಾಲದು ಎಂದು ಹೇಳುವುದಕ್ಕೆ ಒಂದು ಸರಳ ಕಾರಣವಿದೆ. ನಮ್ಮ ಕಟ್ಟಡಗಳ ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಟೈಲ್ಸ್ ಒಂದು ಸೆಂಟಿಮೀಟರಿನಷ್ಟು ಮುಂದೆ ಚಾಚಿಕೊಂಡಿರುತ್ತದೆ. ಹುಡುಗನ ಹಿಮ್ಮಡಿ ಅದಕ್ಕೆ ತಾಗಿ ನಿಲ್ಲುತ್ತದೆ, ಬೆನ್ನು ಗೋಡೆಗೆ ಹೋಗಿ ಒರಗುತ್ತದೆ, ಹಾಗೆ ಒರಗಿದ ದೇಹ ನೆಟ್ಟಗೆ ನಿಂತ ದೇಹವಲ್ಲ. ಮುಂದಿನ ಬಾರಿ ಬೇರೆ ಗೋಡೆಯ ಬಳಿ ಅಳೆದರೆ ಬೇರೆ ಅಂಕಿ ಬರುತ್ತದೆ. ನೆಟ್ಟನೆಯ ಕಂಬಕ್ಕೆ ಜಾರುವ ಪಟ್ಟಿಯಿರುವ ಎತ್ತರದ ಅಳತೆಗೋಲು, ಅಂದರೆ ಸ್ಟೇಡಿಯೋಮೀಟರ್ ಒಂದನ್ನು ಕೊಂಡು, ಸಮತಟ್ಟಾದ ಗಟ್ಟಿ ನೆಲದ ಮೇಲೆ ಪ್ರತಿಬಾರಿಯೂ ಅದೇ ಜಾಗದಲ್ಲಿ ಇಟ್ಟು ಅಳೆಯಬೇಕು.

ಬರಿಗಾಲಿನಲ್ಲಿ, ಎರಡೂ ಹಿಮ್ಮಡಿ ಜೋಡಿಸಿ, ಹಿಮ್ಮಡಿ, ಪೃಷ್ಠ ಮತ್ತು ಬೆನ್ನಿನ ಮೇಲ್ಭಾಗ ಕಂಬಕ್ಕೆ ತಾಗುವಂತೆ ನಿಲ್ಲಿಸಿ. ಕಣ್ಣುಗುಳಿಯ ಕೆಳ ಅಂಚು ಮತ್ತು ಕಿವಿಯ ರಂಧ್ರದ ಮೇಲಂಚು ಒಂದೇ ಅಡ್ಡಗೆರೆಯಲ್ಲಿ ಬರುವಂತೆ ತಲೆಯನ್ನು ಹೊಂದಿಸಿ, ಉಸಿರನ್ನು ಆಳವಾಗಿ ಎಳೆದು ಹಿಡಿದುಕೊಳ್ಳಲು ಹೇಳಿ, ಮೇಲಿನ ಪಟ್ಟಿಯನ್ನು ಕೂದಲು ಒತ್ತುವಂತೆ ಇಳಿಸಿ 0.1 ಸೆಂಟಿಮೀಟರಿಗೆ ಓದಿ. ಹುಡುಗರು ತಾವು ಉದ್ದವೆನಿಸಿಕೊಳ್ಳಲು ಗಲ್ಲ ಎತ್ತುತ್ತಾರೆ, ಹಿಮ್ಮಡಿಯನ್ನೂ ಎತ್ತುತ್ತಾರೆ. ಆದ್ದರಿಂದ ಒಬ್ಬರು ಅಂಕಿ ಓದುವಾಗ ಇನ್ನೊಬ್ಬರು ಕಾಲ ಬಳಿ ಕುಳಿತು ನೋಡುವುದು ಒಳ್ಳೆಯದು. ಕಂಬದಿಂದ ಇಳಿಸಿ, ಮತ್ತೆ ಹತ್ತಿಸಿ ಎರಡನೇ ಬಾರಿ ಅಳೆಯಿರಿ. ಎರಡರ ನಡುವೆ 0.4 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೂರನೆಯದನ್ನು ತೆಗೆದು ನಡುವಿನ ಅಂಕಿಯನ್ನು ಬರೆದುಕೊಳ್ಳಿ.

ಬೆಳಗ್ಗೆ ಎದ್ದಾಗಿನ ಎತ್ತರ ಸಂಜೆಯ ಹೊತ್ತಿಗೆ ಒಂದು ಸೆಂಟಿಮೀಟರಿನಷ್ಟು ಇಳಿಯುವುದುಂಟು, ಬೆನ್ನೆಲುಬಿನ ನಡುವಿನ ಮೆತ್ತನೆಯ ಬಿಲ್ಲೆಗಳು ದಿನವಿಡೀ ಒತ್ತಿಕೊಳ್ಳುವುದೇ ಇದಕ್ಕೆ ಕಾರಣ. ಹೀಗಾಗಿ ಮೊದಲ ಸುತ್ತನ್ನು ಭಾನುವಾರ ಬೆಳಗ್ಗೆ ಅಳೆದಿದ್ದರೆ ಮುಂದಿನ ಸುತ್ತುಗಳೂ ಬೆಳಗ್ಗೆಯೇ, ಆಟಕ್ಕೆ ಮುಂಚೆಯೇ ಆಗಬೇಕು. ಸುತ್ತುಗಳ ನಡುವೆ ಮೂರು ತಿಂಗಳ ಅಂತರವಿರಲಿ. ತಿಂಗಳಿಗೊಮ್ಮೆ ಅಳೆದರೆ ಅರ್ಧ ಸೆಂಟಿಮೀಟರಿನ ತಪ್ಪು ವರ್ಷದ ಲೆಕ್ಕದಲ್ಲಿ ಆರು ಸೆಂಟಿಮೀಟರಾಗಿ ಉಬ್ಬುತ್ತದೆ, ಮತ್ತು ಇಲ್ಲದ ಜಿಗಿತವೊಂದು ಹಾಳೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ತೂಕವನ್ನು ಬೇರೆ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು ನೋಡಿ. ಅಂಕಿಯನ್ನು ಗಟ್ಟಿಯಾಗಿ ಹೇಳಬೇಡಿ.

ಎರಡನೇ ಹಂತ: ಹೆತ್ತವರ ಎತ್ತರ ಮತ್ತು ಮುಂದಿನ ಎತ್ತರದ ಅಂದಾಜು

ದೊಡ್ಡವನಾದಾಗಿನ ಎತ್ತರವನ್ನು ಅಂದಾಜು ಮಾಡಲು ಅಕಾಡೆಮಿಗಳು ಬಳಸುವುದು 1994ರಲ್ಲಿ ಪ್ರಕಟವಾದ ಖಾಮಿಸ್-ರೋಶ್ ವಿಧಾನವನ್ನು. ಇದಕ್ಕೆ ಮಗುವಿನ ವಯಸ್ಸು, ಎತ್ತರ, ತೂಕ, ಮತ್ತು ತಂದೆತಾಯಿಯ ಸರಾಸರಿ ಎತ್ತರ ಬೇಕು. ಅರ್ಧ ವರ್ಷಕ್ಕೊಂದರಂತೆ ಗುಣಾಂಕಗಳ ಪಟ್ಟಿ ಇದೆ. ಆಯಾ ವಯಸ್ಸಿನ ಸಾಲನ್ನು ಹಿಡಿದು ಮೂರೂ ಅಳತೆಗಳನ್ನು ಅವುಗಳ ಗುಣಾಂಕಗಳಿಂದ ಗುಣಿಸಿ, ಅದೇ ಸಾಲಿನ ಸ್ಥಿರಾಂಕದೊಂದಿಗೆ ಕೂಡಿದರೆ ಅಂದಾಜು ಸಿಗುತ್ತದೆ.

ಇಲ್ಲಿ ಮೂರು ತಪ್ಪುಗಳು ಮತ್ತೆಮತ್ತೆ ಆಗುತ್ತವೆ. ಮೂಲ ಪಟ್ಟಿಯಲ್ಲಿ ಮುದ್ರಣದ ದೋಷವಿದ್ದು 1995ರಲ್ಲಿ ತಿದ್ದುಪಡಿ ಬಂದಿತು. ಆ ತಿದ್ದಿದ ಪಟ್ಟಿಯನ್ನೇ ಬಳಸಬೇಕು. ಎರಡನೆಯದಾಗಿ, ಅದರ ಗುಣಾಂಕಗಳು ಇಂಚು ಮತ್ತು ಪೌಂಡಿನ ಲೆಕ್ಕದವು. ಸೆಂಟಿಮೀಟರನ್ನು ನೇರವಾಗಿ ತುಂಬಿದರೆ ಉತ್ತರ ಹಾಸ್ಯಾಸ್ಪದವಾಗಿ ಬರುವುದರಿಂದ ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ ತಪ್ಪು ಮೂರನೆಯದು: ಮಕ್ಕಳ ವೈದ್ಯರು ಹೆತ್ತವರ ಎತ್ತರದಿಂದ ಮಗನ ಎತ್ತರವನ್ನು ಊಹಿಸುವಾಗ 13 ಸೆಂಟಿಮೀಟರಿನ ಹೊಂದಾಣಿಕೆ ಮಾಡುವುದನ್ನು ಕಂಡವರು ಇಲ್ಲಿಯೂ ಅದನ್ನೇ ಮಾಡುತ್ತಾರೆ. ಖಾಮಿಸ್-ರೋಶ್‌ಗೆ ಬೇಕಾಗಿರುವುದು ತಂದೆತಾಯಿಯ ಎತ್ತರವನ್ನು ಕೂಡಿ ಎರಡರಿಂದ ಭಾಗಿಸಿದ ಬರಿಯ ಸರಾಸರಿ.

ಹೆತ್ತವರ ಎತ್ತರವನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚಿಸಿಯೇ ಹೇಳುತ್ತಾರೆ. ಮಗನನ್ನು ಬಿಡಲು ಬಂದಾಗ ಅದೇ ಕಂಬದ ಬಳಿ ನಿಲ್ಲಿಸಿ ಅಳೆಯುವುದೇ ಸರಿಯಾದ ದಾರಿ. ತಾಯಂದಿರನ್ನು ಅಳೆಯಲು ಮಹಿಳಾ ಸಿಬ್ಬಂದಿ ಇರಲಿ. ತಂದೆಯೋ ತಾಯಿಯೋ ಇಲ್ಲದ ಮಗುವಿನ ಮುಂದೆ ಈ ಪ್ರಶ್ನೆಯನ್ನು ಎತ್ತಬಾರದು. ಮನೆಯವರ ಬಳಿ ಪ್ರತ್ಯೇಕವಾಗಿ ವಿಚಾರಿಸಿ, ಅಳತೆ ಸಿಗದಿದ್ದರೆ ಸ್ಥಳೀಯ ವಯಸ್ಕರ ಸರಾಸರಿಯನ್ನು ಹಾಕಿ, ಆ ಹೆಸರಿನ ಮುಂದೆ 'ಅಂದಾಜು ದುರ್ಬಲ' ಎಂದು ಗುರುತು ಮಾಡಿಕೊಳ್ಳಿ.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಮಿತಿಯನ್ನು ಗಂಭೀರವಾಗಿ ನೆನಪಿಡಬೇಕು. ಈ ಪಟ್ಟಿ ತಯಾರಾದದ್ದು ಅಮೆರಿಕದ ಓಹಾಯೋದಲ್ಲಿ ನಡೆದ ಫೆಲ್ಸ್ ಅಧ್ಯಯನದ ಬಿಳಿಯ ಮಕ್ಕಳ ಅಳತೆಗಳಿಂದ. ನಮ್ಮಲ್ಲಿ ಎಷ್ಟೋ ತಂದೆತಾಯಂದಿರು ಬಾಲ್ಯದಲ್ಲಿ ಹೊಟ್ಟೆತುಂಬ ಪೌಷ್ಟಿಕ ಆಹಾರ ಕಾಣದೆ ಬೆಳೆದವರು, ಆದ್ದರಿಂದ ಅವರು ಮುಟ್ಟಬೇಕಾಗಿದ್ದ ಎತ್ತರವನ್ನು ಮುಟ್ಟಿಲ್ಲದಿರಬಹುದು. ಅವರ ಎತ್ತರದ ಮೇಲೆ ಮಗನ ಮುಂದಿನ ಎತ್ತರವನ್ನು ಊಹಿಸಿದರೆ ಊಹೆ ಕಡಿಮೆಯಾಗುತ್ತದೆ, ಆಗ ಶೇಕಡಾವಾರು ಹೆಚ್ಚಾಗಿ ಕಾಣುತ್ತದೆ. ಹೀಗಾಗಿ 85, 90 ಎಂಬ ಗೆರೆಗಳನ್ನು ಕಲ್ಲಿನ ಗೆರೆಗಳೆಂದು ತಿಳಿಯದೆ, ತಂಡದೊಳಗೆ ಯಾರು ಮುಂದೆ, ಯಾರು ಹಿಂದೆ ಎಂಬ ಅನುಕ್ರಮಕ್ಕೆ ಹೆಚ್ಚು ಬೆಲೆ ಕೊಡುವುದು ನನ್ನ ಪದ್ಧತಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಹೊರತಂದ ಬೆಳವಣಿಗೆಯ ನಕ್ಷೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಕೆಳಗಿನ ಗೆರೆಗಿಂತಲೂ ಕೆಳಗೆ ಬೀಳುವ ಮಗು 'ತಡವಾಗಿ ಬೆಳೆಯುವವನು' ಎಂದು ನೀವೇ ತೀರ್ಮಾನಿಸದೆ ವೈದ್ಯರ ಬಳಿ ಕಳುಹಿಸಬೇಕು.

ಲೆಕ್ಕಕ್ಕೆ ಸಾಮಾನ್ಯ ಎಕ್ಸೆಲ್ ಹಾಳೆ ಸಾಕು. B ಕಾಲಮ್ಮಿನಲ್ಲಿ ಹುಟ್ಟಿದ ದಿನ, Cಯಲ್ಲಿ ಅಳೆದ ದಿನ, Eಯಲ್ಲಿ ಎತ್ತರ, Fನಲ್ಲಿ ಅಂದಾಜು ಎತ್ತರ, ಎರಡೂ ಸೆಂಟಿಮೀಟರಿನಲ್ಲಿದ್ದು, ಅದೇ ಹುಡುಗನ ಮುಂದಿನ ಅಳತೆ ಮೂರನೇ ಸಾಲಿನಲ್ಲಿದ್ದರೆ, ವಯಸ್ಸು, ಶೇಕಡಾವಾರು ಮತ್ತು ವರ್ಷಕ್ಕೆ ಎಷ್ಟು ಸೆಂಟಿಮೀಟರ್ ಬೆಳೆಯುತ್ತಿದ್ದಾನೆ ಎಂಬ ವೇಗ ಕ್ರಮವಾಗಿ ಹೀಗೆ ಬರುತ್ತವೆ:

```
=(C2-B2)/365.25
=E2/F2*100
=(E3-E2)/(C3-C2)*365
```

ಮೂರನೇ ಹಂತ: ಅಂಕಿಗಳನ್ನು ಓದುವುದು

ಮೊದಲಿನ ಇಬ್ಬರಿಗೆ ಮರಳೋಣ. ಉದಾಹರಣೆಗೆಂದು, ನಾಲ್ಕನೇ ನಂಬರಿನವನ ಅಂದಾಜು ಎತ್ತರ 178 ಎಂದೂ ಹನ್ನೊಂದನೆಯವನದು 173 ಎಂದೂ ಬಂದಿತೆನ್ನಿ. ಮೊದಲನೆಯವನು ಶೇ 92.7ರಲ್ಲಿದ್ದಾನೆ, ಎರಡನೆಯವನು 85.8ರಲ್ಲಿ. ಹದಿಮೂರರ ಹುಡುಗರ ಸರಾಸರಿ ಸುಮಾರು 87–88 ಇರುವುದರಿಂದ, ಹನ್ನೊಂದನೆಯವನು ತುಸು ಹಿಂದಿದ್ದಾನೆ ಅಷ್ಟೆ. ನಿಜವಾಗಿ ದೂರ ಸರಿದಿರುವವನು ನಾಲ್ಕನೆಯವನು. ಸಣ್ಣವನನ್ನು ನೋಡಿ 'ಇವನಲ್ಲಿ ಕೊರತೆಯಿದೆ' ಎಂದು ನಾವು ಹೇಳುತ್ತಿರುವಾಗ ಅಸಾಮಾನ್ಯವಾಗಿರುವುದು ಎದುರಿಗಿರುವವನ ದೇಹ. ಇಂದು ಅವರ ನಡುವೆ ಇರುವ 16.5 ಸೆಂಟಿಮೀಟರಿನ ಅಂತರ ಇಬ್ಬರೂ ದೊಡ್ಡವರಾದಾಗ ಐದಕ್ಕೆ ಇಳಿಯಬಹುದು ಎಂಬುದನ್ನೂ ಇದೇ ಅಂಕಿಗಳು ಹೇಳುತ್ತಿವೆ.

ಅಂದಾಜಿನಲ್ಲಿ ತಪ್ಪು ಎಷ್ಟಿರಬಹುದು? ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಅದು 2.2 ಸೆಂಟಿಮೀಟರಿನೊಳಗಿರುತ್ತದೆ, ಹತ್ತರಲ್ಲಿ ಒಂಬತ್ತು ಮಂದಿಗೆ ಸುಮಾರು 5.3ರೊಳಗೆ. ಹನ್ನೊಂದನೆಯವನ ಅಂದಾಜು ಐದು ಸೆಂಟಿಮೀಟರ್ ಅತ್ತಿತ್ತ ಆದರೆ ಅವನ ಶೇಕಡಾವಾರು 83.4ರಿಂದ 88.4ರವರೆಗೆ ಎಲ್ಲಿಯೂ ಇರಬಹುದು. ಆದ್ದರಿಂದ ಗೆರೆಯ ಆಚೀಚೆ ಶೇ 1ರಷ್ಟು ದೂರದಲ್ಲಿರುವ ಹುಡುಗನನ್ನು ಯಾವ ಗುಂಪಿಗೆ ಹಾಕಬೇಕೆಂಬುದನ್ನು ಅಂಕಿಗಿಂತ ಅವನನ್ನು ಬಲ್ಲ ತರಬೇತುದಾರನೇ ನಿರ್ಧರಿಸಬೇಕು.

ಹೆತ್ತವರ ಅಳತೆಯೇ ಬೇಡವಾದ ಇನ್ನೊಂದು ಸುಲಭ ಸೂತ್ರವಿದೆ. 2015ರ ಮೂರ್ ಸೂತ್ರವು ವಯಸ್ಸು ಮತ್ತು ಎತ್ತರದಿಂದಲೇ, ಹುಡುಗನು ಅತಿ ವೇಗದ ಬೆಳವಣಿಗೆಯ ಘಟ್ಟದಿಂದ ಎಷ್ಟು ವರ್ಷ ಹಿಂದೆ ಅಥವಾ ಮುಂದೆ ಇದ್ದಾನೆಂದು ಹೇಳುತ್ತದೆ:

```
=-7.999994+0.0036124*D2*E2
```

ಇದರಲ್ಲಿ D ಎಂದರೆ ವರ್ಷಗಳಲ್ಲಿ ವಯಸ್ಸು, E ಎಂದರೆ ಸೆಂಟಿಮೀಟರಿನಲ್ಲಿ ಎತ್ತರ. ನಾಲ್ಕನೆಯವನಿಗೆ -0.37 ಬರುತ್ತದೆ, ಅಂದರೆ ಘಟ್ಟಕ್ಕೆ ಇನ್ನೂ ನಾಲ್ಕೂವರೆ ತಿಂಗಳಿದೆ, ಹನ್ನೊಂದನೆಯವನಿಗೆ -1.08. ಆದರೆ ಶೇ 92.7 ಎಂಬ ಅಂಕಿ ನಾಲ್ಕನೆಯವನು ಘಟ್ಟದ ಮೇಲೆಯೇ ಇದ್ದಾನೆ ಎನ್ನುತ್ತಿದೆ. ಯಾವುದನ್ನು ನಂಬಬೇಕು? ಇಲ್ಲಿ ಮೂರು ತಿಂಗಳ ಹಿಂದಿನ ಅಳತೆ ನೆರವಿಗೆ ಬರುತ್ತದೆ. 91 ದಿನಗಳ ಹಿಂದೆ ಅವನು 162.4 ಇದ್ದರೆ, ಅಷ್ಟರಲ್ಲಿ 2.6 ಸೆಂಟಿಮೀಟರ್ ಬೆಳೆದಿದ್ದಾನೆ, ವರ್ಷದ ಲೆಕ್ಕದಲ್ಲಿ 10.4. ಹುಡುಗರು ಘಟ್ಟದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 9–10 ಸೆಂಟಿಮೀಟರ್ ಬೆಳೆಯುವುದರಿಂದ, ಅವನು ಈಗ ಘಟ್ಟದಲ್ಲೇ ಇದ್ದಾನೆ. ಈ ಬಗೆಯ ಸೂತ್ರಗಳಿಗಿರುವ ದೊಡ್ಡ ದೋಷವೇ ಇದು: ಅವು ಎಲ್ಲರನ್ನೂ ಸರಾಸರಿಯ ಕಡೆಗೆ ಎಳೆಯುತ್ತವೆ, ಬೇಗ ಬೆಳೆಯುವವನನ್ನು ಇದ್ದುದಕ್ಕಿಂತ ತಡವೆಂದೂ ತಡವಾಗಿ ಬೆಳೆಯುವವನನ್ನು ಇದ್ದುದಕ್ಕಿಂತ ಬೇಗವೆಂದೂ ತೋರಿಸುತ್ತವೆ. ನಾವು ಹುಡುಕುತ್ತಿರುವುದು ಈ ಎರಡು ತುದಿಯವರನ್ನೇ ಆದ್ದರಿಂದ, ಗುಂಪು ಮಾಡಲು ಮೂರ್ ಸೂತ್ರವನ್ನು ಮಾತ್ರ ನಂಬುವುದು ಸರಿಯಲ್ಲ.

ಇವೆಲ್ಲಕ್ಕೂ ಹುಟ್ಟಿದ ದಿನ ನಿಜವಾಗಿರಬೇಕು. ದಾಖಲೆಯಲ್ಲಿ ಒಂದು ವರ್ಷ ಕಡಿಮೆ ಮಾಡಿದ್ದರೆ ಪಟ್ಟಿಯ ತಪ್ಪು ಸಾಲಿನಿಂದ ಲೆಕ್ಕ ಹೊರಟು, ಅಂದಾಜು ಎತ್ತರ ಹುಸಿಯಾಗಿ ಹೆಚ್ಚುತ್ತದೆ.

ನಾಲ್ಕನೇ ಹಂತ: ಗುಂಪು ಮಾಡಿ ಆಡಿಸುವುದು

ಹನ್ನೆರಡು, ಹದಿಮೂರು ಮತ್ತು ಹದಿನಾಲ್ಕರೊಳಗಿನ ಮೂರು ತಂಡಗಳನ್ನು ಒಟ್ಟಿಗೆ ತೆಗೆದುಕೊಂಡರೆ ಗುಂಪು ಮಾಡಲು ಬೇಕಾದಷ್ಟು ಹುಡುಗರು ಸಿಗುತ್ತಾರೆ. ಶೇ 85–90ರ ಗುಂಪಿನಲ್ಲಿ ನಮ್ಮ ಹನ್ನೊಂದನೆಯವನ ಜೊತೆ, 11.6 ವರ್ಷದ, 152 ಸೆಂಟಿಮೀಟರ್ ಎತ್ತರದ, 172ರ ಅಂದಾಜಿನ ಇನ್ನೊಬ್ಬ ಹುಡುಗ ಶೇ 88.4ರೊಂದಿಗೆ ಬರಬಹುದು. ನಾಲ್ಕನೆಯವನು 90–95ರಲ್ಲಿ ಹದಿನಾಲ್ಕರ ಹತ್ತಿರದವರೊಡನೆ ಆಡುತ್ತಾನೆ. ಗುಂಪುಗಳಿಗೆ ಬಣ್ಣದ ಹೆಸರಿಡಿ. ಪಟ್ಟಿಯನ್ನು ಗೋಡೆಗೆ ಹಚ್ಚಬೇಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. 'ಲೇಟು' ಎಂಬ ಪದ ಒಮ್ಮೆ ಹುಡುಗರ ಬಾಯಿಗೆ ಬಿದ್ದರೆ ಅದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ.

ಒಂದು ಗುಂಪಿನೊಳಗೂ ತೂಕದ ಅಂತರ ದೊಡ್ಡದಿರಬಹುದು, ಏಕೆಂದರೆ ಪ್ರೌಢತೆ ಒಂದೇ ಇದ್ದರೂ ಗಾತ್ರ ಒಂದೇ ಇರಬೇಕೆಂದಿಲ್ಲ. ಮೈದಾನಕ್ಕೆ ಇಳಿಸುವ ಮುಂಚೆ ಆ ಕಾಲಮ್ಮನ್ನೂ ನೋಡಿಕೊಳ್ಳಿ. ವಯಸ್ಸಿನ ಅಂತರ ಎರಡು ವರ್ಷ ದಾಟದಂತೆ ನಾನು ನೋಡಿಕೊಳ್ಳುತ್ತೇನೆ. ಹನ್ನೊಂದರ ಹುಡುಗನ ದೇಹ ಹದಿನಾಲ್ಕರವನಂತಿದ್ದರೂ ಅವನ ಮನಸ್ಸು ಹನ್ನೊಂದರದ್ದೇ, ಮತ್ತು ದೊಡ್ಡ ಹುಡುಗರ ನಡುವೆ ಅವನು ಮೌನವಾಗಿ ನಲುಗುವುದನ್ನು ಕಂಡಿದ್ದೇನೆ.

ಇದು ವಯಸ್ಸಿನ ತಂಡಕ್ಕೆ ಬದಲಿಯಲ್ಲ. ಐದಾರು ವಾರಗಳಿಗೊಮ್ಮೆ ಒಂದು ದಿನದ ಪಂದ್ಯಗಳು, ಜೊತೆಗೆ ವಾರದ ಒಂದು ಅಭ್ಯಾಸದಲ್ಲಿ ಸಣ್ಣ ಮೈದಾನದ ಆಟ, ಇಷ್ಟು ಸಾಕು. ಇಂಗ್ಲೆಂಡ್‌ನ ಹುಡುಗರು ಹೇಳಿದ್ದನ್ನು ಇಲ್ಲಿಯೂ ಕಾಣಬಹುದು: ಬೇಗ ಬೆಳೆದವರಿಗೆ ಈ ಆಟ ಕಠಿಣವಾಗಿತ್ತು, ಮೈಬಲ ಸಾಲದೆ ಚೆಂಡನ್ನು ಬೇಗ ಸಾಗಿಸಬೇಕಾಯಿತು, ತಡವಾಗಿ ಬೆಳೆಯುವವರಿಗೆ ತಮ್ಮ ಕೌಶಲ ತೋರಲು ಮತ್ತು ಆಟವನ್ನು ಮುನ್ನಡೆಸಲು ಅವಕಾಶ ಸಿಕ್ಕಿತು.

ಐದನೇ ಹಂತ: ತೀರ್ಪು ಬರೆಯುವುದು

ಪ್ರತಿಯೊಬ್ಬನನ್ನೂ ಎರಡೂ ಬಗೆಯ ಆಟದಲ್ಲಿ, ಒಂದೇ ಅಳತೆಗಳಿಂದ ನೋಡಬೇಕು. ನಾನು ಮೂರನ್ನೇ ಎಣಿಸುತ್ತೇನೆ: ಎದುರಾಳಿ ಮೈಮೇಲೆ ಬಂದಾಗ ಚೆಂಡನ್ನು ಉಳಿಸಿಕೊಂಡದ್ದು, ಮುಂದಕ್ಕೆ ಕೊಟ್ಟ ಪಾಸು ಸಂಗಡಿಗನಿಗೆ ತಲುಪಿದ್ದು, ಮತ್ತು ಚೆಂಡು ಬರುವ ಮುನ್ನ ತಲೆ ತಿರುಗಿಸಿ ಸುತ್ತ ನೋಡಿಕೊಂಡದ್ದು. ವಯಸ್ಸಿನ ತಂಡದಲ್ಲಿ ನಾಲ್ಕನೆಯವನು ಹದಿನಾಲ್ಕು ಸೆಣಸಾಟಗಳಲ್ಲಿ ಹನ್ನೊಂದರಲ್ಲಿ ಚೆಂಡು ಉಳಿಸಿಕೊಂಡು, ಸಮಪ್ರೌಢರ ನಡುವೆ ಹದಿಮೂರರಲ್ಲಿ ಐದಕ್ಕೆ ಇಳಿದನೆನ್ನಿ. ಅವನು ಕೆಟ್ಟ ಆಟಗಾರನೆಂದು ಇದರ ಅರ್ಥವಲ್ಲ. ಎದುರಾಳಿಗೆ ಬೆನ್ನು ಕೊಟ್ಟು ತಿರುಗುವುದನ್ನು ಕಲಿಯುವ ಅಗತ್ಯ ಅವನಿಗೆ ಈವರೆಗೆ ಬಿದ್ದಿರಲಿಲ್ಲ ಎಂದು ಅರ್ಥ, ಮತ್ತು ಮುಂದಿನ ಆರು ತಿಂಗಳ ಅಭ್ಯಾಸದಲ್ಲಿ ಏನಿರಬೇಕೆಂಬುದು ಇಲ್ಲಿಯೇ ಬರೆದಾಯಿತು. ಹನ್ನೊಂದನೆಯವನ ಪಾಸುಗಳು ಎರಡೂ ಕಡೆ ಒಂದೇ ಗುಣಮಟ್ಟದಲ್ಲಿದ್ದು, ಚೆಂಡು ಉಳಿಸಿಕೊಳ್ಳುವುದು ಮಾತ್ರ ಗುಂಪಿನ ಆಟದಲ್ಲಿ ಏರಿದರೆ, ಅವನ ಕೊರತೆ ಮೈಬಲದ್ದು, ಕಾಲ ಕಳೆದಂತೆ ತುಂಬುವಂಥದ್ದು. ಗುಂಪಿನಲ್ಲಿಯೂ ಅವನ ಅಂಕ ಏರದಿದ್ದರೆ ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಬೇಕು. ತಡವಾಗಿ ಬೆಳೆಯುವುದೇ ಪ್ರತಿಭೆಯ ಗುರುತಲ್ಲ.

ಮೂವತ್ತು ಮೀಟರ್ ಓಟದಂತಹ ಪರೀಕ್ಷೆಗಳ ಫಲಿತಾಂಶವನ್ನು ಎರಡು ಸಾಲಿನಲ್ಲಿ ಇಡಿ, ಒಂದು ವಯಸ್ಸಿನವರೊಡನೆ, ಇನ್ನೊಂದು ಗುಂಪಿನವರೊಡನೆ. ಘಟ್ಟದಲ್ಲಿರುವ ಹುಡುಗನ ಕಾಲುಗಳು ಮುಂಡಕ್ಕಿಂತ ಮುಂಚೆ ಉದ್ದವಾಗುವುದರಿಂದ ಕೆಲವು ತಿಂಗಳು ಅವನ ಓಟ ಮತ್ತು ಚೆಂಡಿನ ಹಿಡಿತ ಎರಡೂ ಎಡವಬಹುದು. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ಮತ್ತು ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುವುದೂ ಇದೇ ಕಾಲದಲ್ಲಿ. ಆಗ ನೆಗೆತ ಮತ್ತು ಓಟದ ಹೊರೆ ಇಳಿಸಿ, ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಬೆಳವಣಿಗೆಯ ವೇಗ ವರ್ಷಕ್ಕೆ ಏಳೂವರೆ ಸೆಂಟಿಮೀಟರ್ ಮೀರಿರುವ ಯಾವ ಹುಡುಗನನ್ನೂ ಕೈಬಿಡುವ ತೀರ್ಮಾನವನ್ನು, ಆ ವೇಗ ಇಳಿದು ಎರಡು ಸುತ್ತಿನ ಅಳತೆ ಆಗುವವರೆಗೆ ತೆಗೆದುಕೊಳ್ಳುವುದಿಲ್ಲ ಎಂದು ನಮ್ಮಲ್ಲಿ ನಿಯಮ ಮಾಡಿಕೊಂಡಿದ್ದೇವೆ.

ಹುಡುಗಿಯರ ತಂಡಕ್ಕೆ ಇದೇ ಅಂಕಿಗಳನ್ನು ಹೊತ್ತೊಯ್ಯಬಾರದು. ಅವರ ಘಟ್ಟ ಸುಮಾರು ಎರಡು ವರ್ಷ ಮುಂಚೆ, ಹನ್ನೆರಡರ ಹತ್ತಿರ ಬರುತ್ತದೆ. ಖಾಮಿಸ್-ರೋಶ್‌ನಲ್ಲಿ ಅವರಿಗೆ ಪ್ರತ್ಯೇಕ ಪಟ್ಟಿ ಇದೆ. ಮುಟ್ಟಿನ ಬಗ್ಗೆ ತರಬೇತುದಾರರು ಕೇಳುವ ಅಗತ್ಯವೇ ಇಲ್ಲ, ಎತ್ತರದ ಲೆಕ್ಕ ಸಾಕಾಗುತ್ತದೆ.

ಹೆತ್ತವರಿಗೆ ವರದಿ ಕೊಡುವಾಗ ಅಂದಾಜು ಎತ್ತರವನ್ನು ಹೇಳಬೇಡಿ, ಅದು ಮನೆಯಲ್ಲಿ ಭವಿಷ್ಯವಾಣಿಯಾಗಿಬಿಡುತ್ತದೆ. 'ನಿಮ್ಮ ಮಗನ ಬೆಳವಣಿಗೆಯ ಜಿಗಿತ ಈಗ ಶುರುವಾಗುತ್ತಿದೆ, ಅವನ ಪಾಸು ಮತ್ತು ನೋಟ ಚೆನ್ನಾಗಿದೆ, ಮೈಬಲದ ಬಗ್ಗೆ ಮುಂದಿನ ವರ್ಷ ಮಾತಾಡೋಣ' ಎಂದು ಹೇಳಿ, ಮುಂದಿನ ಅಳತೆಯ ದಿನಾಂಕವನ್ನು ಬರೆದುಕೊಡಿ.